ಕ್ಷಮಾಪಣೆ ಪತ್ರ ರೆಡಿ, ಕಳಿಸೋಕೆ ವಿಳಾಸವೇ ಇಲ್ಲ

"ತಾಂತ್ರಿಕ ಕಾರಣಗಳಿಂದ ಸೇವೆ ಸ್ಥಗಿತಗೊಂಡಿದೆ. ಅನಾನುಕೂಲತೆಗಾಗಿ ವಿಷಾದಿಸುತ್ತೇವೆ."

ಈ ಎರಡು ಸಾಲು ಓದದೆ ಇರೋರು ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇಲ್ಲ. ಪರೀಕ್ಷೆ ಫಾರ್ಮ್ ತುಂಬೋ ಕೊನೆ ದಿನ ಇದು ಬರುತ್ತೆ, ಹಾಸ್ಟೆಲ್ ವೈಫೈ ಹೋದಾಗ ಬರುತ್ತೆ, ದುಡ್ಡು ಕಟ್ಟಾಗಿ ಟಿಕೆಟ್ ಬರದೇ ಇದ್ದಾಗಲೂ ಬರುತ್ತೆ. ನಾವು ಒಂದು ಸಲ ಈ ಸಾಲುಗಳನ್ನ ವ್ಯಾಕರಣದ ಕಣ್ಣಿಂದ ನೋಡಿದ್ವಿ. ಇಂಗ್ಲಿಷ್ ಮೀಡಿಯಂನವರಾದ ನಮಗೆ ವ್ಯಾಕರಣ ಅಂದ್ರೆ ಸ್ವಲ್ಪ ಭಯವೇ, ಆದ್ರೂ ಇಷ್ಟು ಗೊತ್ತಾಯ್ತು. "ಸ್ಥಗಿತಗೊಂಡಿದೆ" ಅನ್ನೋದ್ರಲ್ಲಿ ಸ್ಥಗಿತ ಮಾಡಿದವರು ಯಾರೂ ಇಲ್ಲ, ಅದು ತಾನಾಗೇ ಗೊಂಡಿದೆ. "ವಿಷಾದ" ಅಂದ್ರೆ ಬೇಜಾರು. ಪಕ್ಕದ ಮನೆಯಲ್ಲಿ ಸಾವಾದ್ರೂ ನಮಗೆ ವಿಷಾದ ಆಗುತ್ತೆ, ಅದಕ್ಕೂ ತಪ್ಪು ಒಪ್ಪಿಕೊಳ್ಳೋದಕ್ಕೂ ಸಂಬಂಧ ಇಲ್ಲ. ಹಾಗಾದ್ರೆ ಈ ಎರಡು ಸಾಲಿನಲ್ಲಿ ಯಾರೂ ಏನೂ ಮಾಡಿಲ್ಲ, ಯಾರೂ ಕ್ಷಮೆನೂ ಕೇಳಿಲ್ಲ.

ಸರಿಯಾದ ಕ್ಷಮಾಪಣೆ ಪತ್ರ ಅಂತ ಒಂದು ಇದ್ರೆ ಅದು ಹೇಗಿರುತ್ತೆ ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಅಟ್ಲಾಸಿಯನ್ ಕಂಪನಿ 2022ರ ಏಪ್ರಿಲ್ 29ರಂದು ಪ್ರಕಟಿಸಿದ ಪತ್ರ ಮತ್ತು ಅದರ ಜೊತೆಗಿದ್ದ ವರದಿ. ಅದನ್ನ ಮೊದಲು ಓದಿದ್ದು ಒಳ್ಳೆ ಪತ್ರದ ಮಾದರಿ ಅಂತ. ಆದ್ರೆ ಓದಿ ಮುಗಿಸೋ ಹೊತ್ತಿಗೆ ನಮ್ಮ ತಲೆಯಲ್ಲಿ ಉಳಿದದ್ದು ಬೇರೆ ಒಂದು ಪ್ರಶ್ನೆ: ಈ ಪತ್ರ ಇಷ್ಟು ತಡವಾಗಿ ಯಾಕೆ ಬಂತು? ಅದಕ್ಕೆ ಉತ್ತರ ಪತ್ರದ ಭಾಷೆಯಲ್ಲಿ ಇಲ್ಲ, ಡೇಟಾಬೇಸ್‌ನಲ್ಲಿ ಇದೆ. ಅದನ್ನೇ ಇಲ್ಲಿ ಹೇಳ್ಬೇಕು ಅಂತ ನಮ್ಮ ಆಸೆ.

ಅಟ್ಲಾಸಿಯನ್ ಸಿಡ್ನಿಯಲ್ಲಿ ಹುಟ್ಟಿದ ಕಂಪನಿ. ಇಂಟರ್ನ್‌ಶಿಪ್‌ಗೆ ಹೋಗಿ ಬಂದ ಸೀನಿಯರ್‌ಗಳನ್ನ ಕೇಳಿ, "ಜಿರಾ" ಅಂತ ಒಂದು ಹೆಸರು ಹೇಳ್ತಾರೆ. ಯಾವ ಕೆಲಸ ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು ಅಂತ ಟೀಮ್‌ಗಳು ಬರೆದಿಟ್ಟುಕೊಳ್ಳೋ ಸಾಫ್ಟ್‌ವೇರ್ ಅದು. ದಾಖಲೆಗಳನ್ನ ಬರೆದಿಡೋ "ಕಾನ್‌ಫ್ಲುಯೆನ್ಸ್", ಸರ್ವರ್ ಕೆಟ್ಟರೆ ನಡುರಾತ್ರಿ ಎಂಜಿನಿಯರ್‌ನ ಎಬ್ಬಿಸೋ "ಆಪ್ಸ್‌ಜೀನಿ" ಕೂಡ ಅವರದೇ. ಪ್ರತಿ ಗ್ರಾಹಕ ಕಂಪನಿಗೂ ಅಟ್ಲಾಸಿಯನ್‌ನ ಕ್ಲೌಡ್‌ನಲ್ಲಿ ಒಂದು "ಸೈಟ್" ಇರುತ್ತೆ. ಒಂದು ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಒಂದೊಂದು ಫ್ಲ್ಯಾಟ್ ಇದ್ದ ಹಾಗೆ ಅಂದುಕೊಳ್ಳಿ. ಆ ಫ್ಲ್ಯಾಟ್ ಒಳಗೆ ಜಿರಾ ಥರದ ಆಪ್‌ಗಳು ಸಾಮಾನುಗಳ ಹಾಗೆ. ಈ ಹೋಲಿಕೆ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಇನ್ಸೈಟ್ ಅನ್ನೋ ಒಂದು ಆಪ್ ಇತ್ತು. ಮೊದಲು ಅದು ಪ್ರತ್ಯೇಕವಾಗಿತ್ತು, ಆಮೇಲೆ ಅದನ್ನ ಜಿರಾದ ಒಂದು ಉತ್ಪನ್ನದ ಒಳಗೇ ಸೇರಿಸಿದ್ರು. ಹಾಗಾಗಿ ಹಳೇ ಪ್ರತ್ಯೇಕ ಆಪ್ ಅನ್ನ ಗ್ರಾಹಕರ ಸೈಟ್‌ಗಳಿಂದ ತೆಗೀಬೇಕಿತ್ತು. ಅಂದ್ರೆ ಫ್ಲ್ಯಾಟ್‌ನಿಂದ ಒಂದು ಹಳೇ ಟಿವಿ ಹೊರಗೆ ಸಾಗಿಸೋ ಕೆಲಸ, ಅಷ್ಟೇ. ಇದಕ್ಕೆ ಮೊದಲೇ ಒಂದು ಸ್ಕ್ರಿಪ್ಟ್ ಇತ್ತು. ಒಂದು ಟೀಮ್ ಐಡಿಗಳ ಪಟ್ಟಿ ಕೊಡಬೇಕು, ಇನ್ನೊಂದು ಟೀಮ್ ಸ್ಕ್ರಿಪ್ಟ್ ಓಡಿಸಬೇಕು. ಪಟ್ಟಿ ಕೊಟ್ಟ ಟೀಮ್ ಆಪ್‌ಗಳ ಐಡಿ ಕೊಡೋ ಬದಲು ಆ ಆಪ್ ಇರೋ ಸೈಟ್‌ಗಳ ಐಡಿ ಕೊಟ್ಟಿತು. ಟಿವಿಯ ನಂಬರ್ ಕೇಳಿದ್ರೆ ಫ್ಲ್ಯಾಟ್ ನಂಬರ್ ಬರೆದುಕೊಟ್ಟ ಹಾಗೆ.

ಇಂಥ ಎಡವಟ್ಟು ಎಲ್ಲಿ ಬೇಕಾದ್ರೂ ಆಗಬಹುದು. ಆದ್ರೆ ಸ್ಕ್ರಿಪ್ಟ್ ಕರೀತಿದ್ದ ಎಪಿಐ ಎರಡೂ ಥರದ ಐಡಿ ತಗೊಳ್ಳುತ್ತಿತ್ತು. ಅವರ ಕೋಡ್ ನಾವು ನೋಡಿಲ್ಲ. ವರದಿ ಓದಿ ನಮಗೆ ಅರ್ಥ ಆದದ್ದನ್ನ ನಮ್ಮದೇ ಮಾತಿನಲ್ಲಿ ಬರೆದರೆ ಹೀಗಾಗುತ್ತೆ:

```
delete(id):
    if is_app(id):  delete_app(id)
    if is_site(id): delete_site(id)
```

ಆಪ್ ಐಡಿ ಕೊಟ್ರೆ ಆಪ್ ಹೋಗುತ್ತೆ, ಸೈಟ್ ಐಡಿ ಕೊಟ್ರೆ ಇಡೀ ಸೈಟ್ ಹೋಗುತ್ತೆ. "ನೀವು ಫ್ಲ್ಯಾಟ್ ಅನ್ನೇ ಕೆಡವ್ತಾ ಇದ್ದೀರಿ, ಖಂಡಿತಾನಾ?" ಅಂತ ಒಂದು ಮಾತೂ ಕೇಳಲ್ಲ. ಇದರ ಮೇಲೆ ಇನ್ನೊಂದು. ಸ್ಕ್ರಿಪ್ಟ್‌ಗೆ ಎರಡು ರೀತಿ ಅಳಿಸೋಕೆ ಬರ್ತಿತ್ತು. ಒಂದು, "ಇದನ್ನ ಅಳಿಸಬೇಕು" ಅಂತ ಗುರುತು ಮಾತ್ರ ಹಾಕೋದು. ನಮ್ಮ ಲ್ಯಾಪ್‌ಟಾಪ್‌ನ ರೀಸೈಕಲ್ ಬಿನ್ ಹಾಗೆ, ಬೇಕಾದ್ರೆ ವಾಪಸ್ ತರಬಹುದು. ಇನ್ನೊಂದು, ಶಾಶ್ವತವಾಗಿ ಅಳಿಸೋದು. ಡೇಟಾ ಪೂರ್ತಿ ತೆಗೀಲೇಬೇಕು ಅನ್ನೋ ನಿಯಮ ಇದ್ದಾಗ ಇದು ಬೇಕಾಗುತ್ತೆ. ಅವತ್ತು ಓಡಿದ್ದು ಎರಡನೇದು.

ಈಗ ನಮ್ಮ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಿಲೆಬಸ್‌ನಲ್ಲಿರೋ ಎರಡು ಪದ ತಗೊಳ್ಳಿ: ಕೋಡ್ ರಿವ್ಯೂ ಮತ್ತು ಟೆಸ್ಟಿಂಗ್. ಎರಡೂ ನಡೆದಿತ್ತು! ರಿವ್ಯೂ ಮಾಡಿದವರು ಯಾವ ಎಪಿಐ ಕರೀತಿದ್ದಾರೆ, ಹೇಗೆ ಕರೀತಿದ್ದಾರೆ ಅಂತ ನೋಡಿದ್ರು. ಅದು ಸರಿಯಾಗೇ ಇತ್ತು. ಕೊಟ್ಟ ಐಡಿಗಳು ಯಾವುದರವು ಅಂತ ಯಾರೂ ತಾಳೆ ನೋಡಲಿಲ್ಲ. ಸ್ಟೇಜಿಂಗ್‌ನಲ್ಲಿ, ಅಂದ್ರೆ ಪ್ರಯೋಗಕ್ಕೆ ಅಂತ ಇಟ್ಟಿರೋ ತದ್ರೂಪು ಸಿಸ್ಟಮ್‌ನಲ್ಲಿ, ಟೆಸ್ಟ್ ಕೂಡ ಮಾಡಿದ್ರು. ಆದ್ರೆ ನಿಜವಾದ ಗ್ರಾಹಕರ ಐಡಿಗಳು ಅಲ್ಲಿ ಇರಲೇ ಇಲ್ಲ, ಹಾಗಾಗಿ ಐಡಿ ತಪ್ಪಿದೆ ಅಂತ ಆ ಟೆಸ್ಟ್‌ಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಕೊನೆಗೆ ನಿಜವಾದ ಸಿಸ್ಟಮ್‌ನಲ್ಲೂ ಮೊದಲು 30 ಸೈಟ್‌ಗಳ ಮೇಲೆ ಮಾತ್ರ ಓಡಿಸಿ ನೋಡಿದ್ರು. ಎಲ್ಲ ಸರಿಯಾಯ್ತು. ಯಾಕಂದ್ರೆ ಆ 30ರ ಪಟ್ಟಿ ಗೊಂದಲ ಆಗೋಕೆ ಮುಂಚೆ ತಯಾರಾಗಿತ್ತು, ಅದರಲ್ಲಿ ಸರಿಯಾದ ಆಪ್ ಐಡಿಗಳೇ ಇದ್ದವು. ನಾವು ಇದನ್ನ ಎರಡು ಸಲ ಓದಿದ್ವಿ. 30ರ ಪರೀಕ್ಷೆ ಪಾಸಾದದ್ದು ಸ್ಕ್ರಿಪ್ಟ್ ಸರಿ ಅಂತ ಹೇಳಿತು, ಮುಂದೆ ಬರೋ ಪಟ್ಟಿ ಸರಿ ಅಂತ ಹೇಳಲಿಲ್ಲ. ಎರಡೂ ಒಂದೇ ಅಂತ ನಂಬಿಕೊಂಡದ್ದೇ ಮುಳುವಾಯ್ತು.

2022ರ ಏಪ್ರಿಲ್ 5, ಮಂಗಳವಾರ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1:08ಕ್ಕೆ ಸ್ಕ್ರಿಪ್ಟ್ ಶುರುವಾಯ್ತು, 1:31ಕ್ಕೆ ಮುಗೀತು. ಮೆಸ್‌ನಲ್ಲಿ ಕ್ಯೂ ನಿಂತು ಊಟ ಮುಗಿಸೋ ಅಷ್ಟು ಹೊತ್ತು, 23 ನಿಮಿಷ. ಒಂದಾದ ಮೇಲೆ ಒಂದು ಒಟ್ಟು 883 ಸೈಟ್‌ಗಳು ಹೋದವು. ಅವು 775 ಗ್ರಾಹಕ ಕಂಪನಿಗಳವು.

ಯಾವ ಅಲಾರಂ ಕೂಡ ಹೊಡ್ಕೊಳ್ಳಲಿಲ್ಲ. ಅದಕ್ಕೂ ಕಾರಣ ಇದೆ. ಮಾನಿಟರಿಂಗ್ ಸಿಸ್ಟಮ್‌ಗಳು ಹುಡುಕೋದು ಕೆಟ್ಟು ಹೋದದ್ದನ್ನ. ಇಲ್ಲಿ ಏನೂ ಕೆಟ್ಟಿರಲಿಲ್ಲ. ಗ್ರಾಹಕ ಬಿಟ್ಟು ಹೋದಾಗ ಸೈಟ್ ಅಳಿಸೋ ಮಾಮೂಲಿ ದಾರಿಯಲ್ಲೇ ಇವೂ ಅಳಿಸಿದ್ದವು. ಕಂಪ್ಯೂಟರ್ ಲೆಕ್ಕದಲ್ಲಿ ಅದು 883 ಸಲ ಯಶಸ್ವಿಯಾದ ಕೆಲಸ. ಮೊದಲು ಎಚ್ಚರಿಸಿದ್ದು ಒಬ್ಬ ಗ್ರಾಹಕ, 1:16ಕ್ಕೆ. ಅಂದ್ರೆ ಸ್ಕ್ರಿಪ್ಟ್ ಇನ್ನೂ ಓಡ್ತಾ ಇತ್ತು. ಆದ್ರೆ ಆ ದೂರಿಗೂ ಈ ಸ್ಕ್ರಿಪ್ಟ್‌ಗೂ ನಂಟಿದೆ ಅಂತ ಖಚಿತವಾದದ್ದು 2:23ಕ್ಕೆ.

ಇಲ್ಲಿಂದ ಮುಂದೆ ನಮ್ಮ ಪ್ರಶ್ನೆಗೆ ಬರ್ತೀವಿ. ದೊಡ್ಡ ತಪ್ಪಾಗಿದೆ ಅಂತ ಅದೇ ದಿನ ಗೊತ್ತಾಯ್ತು. 775 ಕಂಪನಿಗಳಿಗೆ ಒಂದು ಮೇಲ್ ಕಳಿಸೋಕೆ ಎಷ್ಟು ಹೊತ್ತು ಬೇಕು?

ಮೇಲ್ ಕಳಿಸೋಕೆ ಎರಡು ವಿಷಯ ಗೊತ್ತಿರಬೇಕು: ಯಾರ ಸೈಟ್ ಹೋಗಿದೆ, ಆ ಸೈಟ್‌ನ ಅಡ್ಮಿನ್ ಯಾರು. ಆ ಎರಡೂ ಮಾಹಿತಿ ಸೈಟ್ ಜೊತೆಗೇ ಇತ್ತು. ಸೈಟ್ ಅಳಿಸಿದಾಗ ಅದರ ಯುಆರ್‌ಎಲ್ ಕೂಡ ಹೋಯ್ತು, ಅಡ್ಮಿನ್‌ಗಳ ಹೆಸರು, ವಿಳಾಸ ಕೂಡ ಹೋಯ್ತು. ಫ್ಲ್ಯಾಟ್ ಕೆಡವಿದಾಗ ಬಾಗಿಲ ಮೇಲಿದ್ದ ಹೆಸರಿನ ಬೋರ್ಡ್ ಕೂಡ ಮಣ್ಣಲ್ಲಿ ಸೇರಿದ ಹಾಗೆ. ಕ್ಷಮೆ ಕೇಳ್ಬೇಕು, ಸರಿ. ಯಾರನ್ನ ಕೇಳೋದು?

ಇಷ್ಟಕ್ಕೇ ಮುಗೀಲಿಲ್ಲ, ಎದುರು ದಿಕ್ಕಿನ ದಾರಿಯೂ ಮುಚ್ಚಿತ್ತು. ಗ್ರಾಹಕರೇ ಕರೆದು ಹೇಳಬಹುದಿತ್ತಲ್ವಾ? ಆಗ ಅಟ್ಲಾಸಿಯನ್‌ಗೆ ತಾಂತ್ರಿಕ ದೂರು ಕೊಡಬೇಕಾದ್ರೆ ಫಾರ್ಮ್‌ನಲ್ಲಿ ನಿಮ್ಮ ಸೈಟ್‌ನ ಯುಆರ್‌ಎಲ್ ಹಾಕ್ಬೇಕಿತ್ತು, ಆ ಸೈಟ್‌ನ ನೋಂದಾಯಿತ ಸಂಪರ್ಕದವರೇ ಆಗಿರಬೇಕಿತ್ತು. ಬೇರೆ ಯಾರೋ ನಿಮ್ಮ ಹೆಸರಲ್ಲಿ ಬಂದು ಡೇಟಾ ಕೇಳಬಾರದು ಅಂತ ಇಟ್ಟ ನಿಯಮ ಅದು, ಒಳ್ಳೇ ನಿಯಮವೇ. ಆದ್ರೆ ಈಗ ಆ ಯುಆರ್‌ಎಲ್ ಅನ್ನೋದು ಅಸ್ತಿತ್ವದಲ್ಲೇ ಇಲ್ಲ. "ನನ್ನ ಸೈಟ್ ಕಾಣ್ತಿಲ್ಲ" ಅಂತ ದೂರು ಕೊಡೋಕೆ ಹೋದ್ರೆ "ಅಂಥ ಸೈಟ್ ಇಲ್ಲ" ಅಂತ ಫಾರ್ಮ್ ಹೇಳುತ್ತೆ. ಕಳೆದು ಹೋದ ಐಡಿ ಕಾರ್ಡ್‌ಗೆ ಅರ್ಜಿ ಕೊಡೋಕೆ ಐಡಿ ಕಾರ್ಡ್ ತೋರಿಸಿ ಅಂದ ಹಾಗೆ.

ಹಾಗಾಗಿ ಒಂದು ಟೀಮ್ ಡೇಟಾ ವಾಪಸ್ ತರೋಕೆ ಒದ್ದಾಡ್ತಿದ್ರೆ, ಇನ್ನೊಂದು ಕಡೆ ಬೇರೆ ಬೇರೆ ಮೂಲಗಳಿಂದ ಸಂಪರ್ಕಗಳನ್ನ ಒಂದೊಂದಾಗಿ ಕೂಡಿಸಿ ಯಾರಿಗೆ ತಿಳಿಸಬೇಕು ಅನ್ನೋ ಪಟ್ಟಿಯನ್ನೇ ಹೊಸದಾಗಿ ಕಟ್ಟಬೇಕಾಯ್ತು. ಯುಆರ್‌ಎಲ್ ಇಲ್ಲದೇ ದೂರು ತಗೊಳ್ಳೋ ದಾರಿಯನ್ನೂ ಆಗಲೇ ಮಾಡಬೇಕಾಯ್ತು. ನಮಗೆ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ. ಕ್ಷಮಾಪಣೆ ಅನ್ನೋದು ಮನಸ್ಸಿನ ವಿಷಯ ಅಂತ ನಾವು ಅಂದುಕೊಂಡಿದ್ವಿ. ಒಂದು ಕಂಪನಿಗೆ ಅದು ಸಿಸ್ಟಮ್‌ನ ವಿಷಯ ಕೂಡ ಹೌದು. ತಿಳಿಸೋ ವ್ಯವಸ್ಥೆ ಕೆಡೋ ವಸ್ತುವಿನ ಒಳಗೇ ಇದ್ರೆ, ಎಷ್ಟೇ ಒಳ್ಳೇ ಮನಸ್ಸಿದ್ರೂ ಪತ್ರ ತಲುಪಲ್ಲ.

ಇನ್ನು ಸರಿ ಮಾಡೋಕೆ ಅಷ್ಟು ದಿನ ಯಾಕೆ ಬೇಕಾಯ್ತು ಅನ್ನೋದು. ಬ್ಯಾಕಪ್ ಇರಲಿಲ್ವಾ ಅಂತ ಎಲ್ಲರೂ ಕೇಳ್ತಾರೆ. ಇತ್ತು. ಒಳ್ಳೇ ಬ್ಯಾಕಪ್ಪೇ ಇತ್ತು. ಬಹುಪಾಲು ಗ್ರಾಹಕರಿಗೆ ಘಟನೆಗೆ 5 ನಿಮಿಷ ಮುಂಚಿನವರೆಗಿನ ಡೇಟಾ ವಾಪಸ್ ಸಿಕ್ಕಿತು. ತೊಂದರೆ ಇದ್ದದ್ದು ಬೇರೆ ಕಡೆ. ಒಂದೇ ಡೇಟಾಬೇಸ್‌ನಲ್ಲಿ ಹಲವು ಗ್ರಾಹಕರ ಡೇಟಾ ಒಟ್ಟಿಗೆ ಇರುತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ನಡುನಡುವೆ ಒಂದೊಂದು ಫ್ಲ್ಯಾಟ್ ಮಾತ್ರ ಬಿದ್ದಿದೆ, ಪಕ್ಕದವರು ಅಲ್ಲೇ ಸಂಸಾರ ಮಾಡ್ತಿದ್ದಾರೆ. ಇಡೀ ಕಟ್ಟಡವನ್ನ ನಿನ್ನೆ ಇದ್ದ ಸ್ಥಿತಿಗೆ ತಂದ್ರೆ ಬಿದ್ದ ಫ್ಲ್ಯಾಟ್ ಏನೋ ಬರುತ್ತೆ, ಆದ್ರೆ ಪಕ್ಕದವರು ಇವತ್ತು ಮಾಡಿದ ಕೆಲಸ ಎಲ್ಲ ಅಳಿಸಿ ಹೋಗುತ್ತೆ. ಅದನ್ನ ಮಾಡೋ ಹಾಗಿಲ್ಲ. ಒಬ್ಬಿಬ್ಬರ ಡೇಟಾ ಮಾತ್ರ ಬಿಡಿಸಿ ತರೋ ವಿಧಾನ ಅವರ ಬಳಿ ಇತ್ತು. ಎಲ್ಲರದ್ದೂ ಒಟ್ಟಿಗೆ ಹೋದ್ರೆ ತರೋ ವಿಧಾನವೂ ಇತ್ತು. ನಡುವಿನ 883ಕ್ಕೆ ಸ್ವಯಂಚಾಲಿತ ದಾರಿ ಇರಲಿಲ್ಲ.

ಮೊದಲ ದಾರಿಯಲ್ಲಿ ಪ್ರತಿ ಗ್ರಾಹಕರಿಗೂ ಹೊಸ ಐಡಿಯ ಹೊಸ ಸೈಟ್ ಮಾಡಿ, ಹಳೇ ಡೇಟಾನ ಅದರೊಳಗೆ ತುಂಬ್ತಾ ಹೋದ್ರು. ಐಡಿ ಬದಲಾದ್ರೆ ಅದನ್ನ ಉಲ್ಲೇಖ ಮಾಡೋ ಎಲ್ಲ ಕಡೆಯೂ ಬದಲಾಯಿಸಬೇಕು. ಬಿಲ್ಲಿಂಗ್, ಲೈಸೆನ್ಸ್, ಬೇರೆ ಕಂಪನಿಗಳ ಆಪ್‌ಗಳು, ಎಲ್ಲವೂ. ಸುಮಾರು 70 ಹಂತ, ಒಂದಾದ ಮೇಲೊಂದು, ಒಂದು ಸೈಟ್‌ಗೆ ಸುಮಾರು 48 ಗಂಟೆ. ಹೀಗೆ ಬಂದದ್ದು 112 ಸೈಟ್. ಆಮೇಲೆ ಯಾರಿಗೋ ಹೊಳೀತು, ಅಳಿಸಿ ಹೋದ ಹಳೇ ಐಡಿಯ ದಾಖಲೆಯನ್ನೇ ಮೊದಲು ಬದುಕಿಸಿದ್ರೆ? ಬೋರ್ಡ್ ಹಳೇದೇ ಇದ್ರೆ ವಿಳಾಸ ಬದಲಾಯಿಸೋ ಕೆಲಸ ಉಳಿಯುತ್ತೆ. ಹಂತಗಳು ಅರ್ಧಕ್ಕಿಂತ ಕಡಿಮೆ ಆದವು, ಒಂದು ಸೈಟ್‌ಗೆ ಸುಮಾರು 12 ಗಂಟೆ. ಉಳಿದ 771 ಹೀಗೆ ಬಂದವು. ಮೊದಲ ಕೆಲವು ಗ್ರಾಹಕರಿಗೆ ಏಪ್ರಿಲ್ 8ಕ್ಕೆ, ಕೊನೆಯವರಿಗೆ ಏಪ್ರಿಲ್ 18ಕ್ಕೆ ಸೇವೆ ವಾಪಸ್ ಬಂತು. ಕೆಲವರಿಗೆ ಎರಡು ವಾರ ಯಾವ ಕೆಲಸ ಯಾರದು ಅಂತಲೇ ಗೊತ್ತಿರಲಿಲ್ಲ.

ಈಗ ಪತ್ರಕ್ಕೆ ಬರೋಣ. ವರದಿಯ ಮೇಲ್ಗಡೆ ಒಂದು ಚಿಕ್ಕ ಪತ್ರ ಇದೆ. ಬರೆದವರು ಕಂಪನಿ ಕಟ್ಟಿದ ಇಬ್ಬರು, ಆಗಿನ ಜಂಟಿ ಸಿಇಒಗಳು, ಮೈಕ್ ಕ್ಯಾನನ್-ಬ್ರೂಕ್ಸ್ ಮತ್ತು ಸ್ಕಾಟ್ ಫಾರ್ಕ್ವಾರ್. ಸಾರಾಂಶ ಇಷ್ಟು: ನಮ್ಮ ಉತ್ಪನ್ನ ನಿಮ್ಮ ಕೆಲಸಕ್ಕೆ ಎಷ್ಟು ಮುಖ್ಯ ಅಂತ ನಮಗೆ ಗೊತ್ತು, ಇದರ ಹೊಣೆ ಪೂರ್ತಿ ನಮ್ಮಿಬ್ಬರದು, ಆದದ್ದು ಏನು ಅಂತ ಕೆಳಗೆ ಪೂರ್ತಿ ಹೇಳಿದ್ದೇವೆ. ತಪ್ಪು ಪಟ್ಟಿ ಕೊಟ್ಟ ಟೀಮ್‌ನಲ್ಲಿ ಒಬ್ಬರ ಹೆಸರೂ ಇಲ್ಲ. ಮೊದಲು ನಮಗೆ ಇದು ಮುಚ್ಚಿಡೋ ಕೆಲಸ ಅನಿಸಿತು. ಆಮೇಲೆ ಯೋಚಿಸಿದ್ವಿ. ಆ ವ್ಯಕ್ತಿಯ ಹೆಸರು ಹೇಳಿ ಕೆಲಸದಿಂದ ತೆಗೆದಿದ್ರೆ ಗ್ರಾಹಕನಿಗೆ ಏನು ಸಿಕ್ತಿತ್ತು? ಎರಡೂ ಐಡಿ ನುಂಗೋ ಎಪಿಐ ಹಾಗೇ ಇರ್ತಿತ್ತು, ನಾಳೆ ಇನ್ನೊಬ್ಬರು ಅದೇ ಗುಂಡಿಗೆ ಬೀಳ್ತಿದ್ರು. ಹೆಸರು ಮೇಲಿನವರದು, ಕಾರಣ ಸಿಸ್ಟಮ್‌ನದು. ಈ ಜೋಡಣೆ ಸರಿ ಅಂತ ನಮಗೆ ಈಗ ಅನಿಸುತ್ತೆ.

ಆದ್ರೆ ಈ ಪತ್ರವನ್ನ ಪೂರ್ತಿ ಹೊಗಳೋಕೂ ಆಗಲ್ಲ. ಮೊದಲ ದಿನಗಳಲ್ಲಿ ಕಂಪನಿ ಹೊರಗೆ ಹೇಳಿದ್ದು ನೋಡಿ. ಮೇಂಟೆನೆನ್ಸ್ ಸ್ಕ್ರಿಪ್ಟ್ ಓಡಿಸುವಾಗ ಕೆಲವು ಸೈಟ್‌ಗಳು ಉದ್ದೇಶವಿಲ್ಲದೆ "ನಿಷ್ಕ್ರಿಯಗೊಂಡಿವೆ" ಅನ್ನೋ ಅರ್ಥದ ಮಾತು. ಕನ್ನಡದಲ್ಲಿ ಬರೆದ್ರೆ ಅದೇ ನಮ್ಮ "ಸ್ಥಗಿತಗೊಂಡಿದೆ"! ನಿಷ್ಕ್ರಿಯ ಆದ ವಸ್ತುವನ್ನ ಸ್ವಿಚ್ ಹಾಕಿದ್ರೆ ಸಕ್ರಿಯ ಮಾಡಬಹುದು. ಅಳಿಸಿದ ವಸ್ತುವನ್ನ ಹಾಗೆ ಮಾಡೋಕೆ ಆಗಲ್ಲ. "ನಿಷ್ಕ್ರಿಯ" ಅಂತ ಓದಿದ ಗ್ರಾಹಕ "ಸಂಜೆ ಒಳಗೆ ಬರಬಹುದು" ಅಂತ ಕಾಯ್ತಾನೆ. "ಅಳಿಸಿದ್ದೇವೆ" ಅಂತ ಓದಿದವನು ಅವತ್ತೇ ಒಂದು ಎಕ್ಸೆಲ್ ಶೀಟ್ ತೆಗೆದು ಎರಡು ವಾರದ ಕೆಲಸ ಹಂಚಿಕೊಳ್ತಾನೆ. ಒಂದು ಕ್ರಿಯಾಪದದ ಮೇಲೆ ಇನ್ನೊಂದು ಕಂಪನಿಯ ಎರಡು ವಾರ ನಿಂತಿತ್ತು. ಸಿಟಿಒ ಶ್ರೀ ವಿಶ್ವನಾಥ್ ಅವರ ವಿವರವಾದ ಬರಹ ಬಂದದ್ದು ಏಪ್ರಿಲ್ 12ಕ್ಕೆ, ಅಂದ್ರೆ ಒಂದು ವಾರದ ಮೇಲೆ. ಸುಮಾರು 400 ಗ್ರಾಹಕರು ಅಂತ ಮೊದಲು ಹೇಳಿದ್ದು ಕೊನೇ ವರದಿಯಲ್ಲಿ 775 ಆಯ್ತು.

ಈ ತಡವನ್ನ ವರದಿಯೇ ಒಪ್ಪಿಕೊಳ್ಳುತ್ತೆ. ತೊಂದರೆ ಆದವರನ್ನ ನೇರವಾಗಿ ಮಾತಾಡಿಸೋಣ ಅಂತ ಕಾಯ್ತಾ, ಎಲ್ಲರಿಗೂ ಹೇಳೋದನ್ನ ಮುಂದೂಡಿದ್ವಿ, ಮೊದಲೇ ಹೇಳಬೇಕಿತ್ತು ಅನ್ನೋದು ಅದರ ಅರ್ಥ. ವಿಳಾಸ ಇಲ್ಲದವರಿಗೆ ಪತ್ರ ಕಳಿಸೋಕೆ ಆಗಲ್ಲ, ಸರಿ. ಆದ್ರೆ ವಿಳಾಸ ಗೊತ್ತಿಲ್ಲದಾಗಲೇ ಅಲ್ವಾ ಊರಲ್ಲಿ ಡಂಗುರ ಸಾರೋದು? "ನಾವು ಸೈಟ್‌ಗಳನ್ನ ಅಳಿಸಿದ್ದೇವೆ, ಯಾರವು ಅಂತ ಹುಡುಕ್ತಾ ಇದ್ದೇವೆ, ನಿಮ್ಮದು ಕಾಣದಿದ್ರೆ ಈ ನಂಬರ್‌ಗೆ ಹೇಳಿ" ಅಂತ ಮೊದಲ ದಿನವೇ ಹೇಳೋಕೆ ಯಾರ ವಿಳಾಸವೂ ಬೇಕಿರಲಿಲ್ಲ. ಪೂರ್ತಿ ಗೊತ್ತಾದ ಮೇಲೆ ಹೇಳೋಣ ಅನ್ನೋದು ಎಂಜಿನಿಯರ್ ಸ್ವಭಾವ. ನಾವು ಕೂಡ ಲ್ಯಾಬ್‌ನಲ್ಲಿ ಔಟ್‌ಪುಟ್ ಬರೋವರೆಗೂ ಮೇಡಂನ ಕರೆಯಲ್ಲ. ಆದ್ರೆ ಕಾಯ್ತಾ ಇರೋ ಗ್ರಾಹಕನಿಗೆ ಕಾರಣಕ್ಕಿಂತ ಮೊದಲು ಬೇಕಾದದ್ದು ಇನ್ನೆಷ್ಟು ದಿನ ಅನ್ನೋ ಒಂದು ಅಂದಾಜು.

ವರದಿಯ ಕೊನೆಯಲ್ಲಿ ಮಾತು ಕೊಡ್ತಾರೆ. ಎಲ್ಲ ಸಿಸ್ಟಮ್‌ಗಳಲ್ಲೂ ಮೊದಲು ಗುರುತು ಹಾಕಿ, ಒಂದಷ್ಟು ಕಾಲ ಬಿಟ್ಟು ಆಮೇಲೆ ಅಳಿಸೋದು. ಹಲವು ಸೈಟ್, ಹಲವು ಉತ್ಪನ್ನಗಳನ್ನ ಒಟ್ಟಿಗೆ ವಾಪಸ್ ತರೋದನ್ನ ಸ್ವಯಂಚಾಲಿತ ಮಾಡೋದು. ಇಷ್ಟು ದೊಡ್ಡ ಘಟನೆಗಳನ್ನ ನಿಭಾಯಿಸೋ ಕ್ರಮವನ್ನ ಸುಧಾರಿಸೋದು. ಸಂಪರ್ಕ ಮಾಹಿತಿಯ ಪ್ರತಿಯನ್ನ ಉತ್ಪನ್ನದ ಹೊರಗೆ ಇಡೋದು, ಯುಆರ್‌ಎಲ್ ಇಲ್ಲದೇನೂ ದೂರು ತಗೊಳ್ಳೋದು. ನಾವು ಇದನ್ನ ಓದುವಾಗ ಒಂದು ಪರೀಕ್ಷೆ ಇಟ್ಟುಕೊಂಡ್ವಿ: ಒಂದು ವರ್ಷ ಬಿಟ್ಟು "ಇದನ್ನ ಮಾಡಿದ್ರಾ?" ಅಂತ ಹೌದು-ಇಲ್ಲ ಉತ್ತರ ಕೇಳೋಕೆ ಆಗುತ್ತಾ? "ಅಳಿಸೋ ಮುಂಚೆ ಗುರುತು ಹಾಕ್ತೀವಿ" ಅನ್ನೋದನ್ನ ಕೇಳಬಹುದು. "ಕ್ರಮವನ್ನ ಸುಧಾರಿಸ್ತೀವಿ" ಅನ್ನೋದನ್ನ ಕೇಳೋಕೆ ಕಷ್ಟ. ಒಂದೇ ಪತ್ರದಲ್ಲಿ ಎರಡು ಥರದ ಮಾತೂ ಇರುತ್ತೆ, ಬೇರ್ಪಡಿಸಿಕೊಂಡು ಓದಬೇಕು.

ಇದೆಲ್ಲ ನಮಗೆ ಯಾಕೆ ಅಂದ್ರೆ, ಈ ಸಲ ಕ್ಲಬ್‌ನ ರಾಜ್ಯೋತ್ಸವದ ರಿಜಿಸ್ಟ್ರೇಷನ್ ಪೇಜ್ ಮಾಡೋ ಕೆಲಸ ನಮ್ಮ ಬ್ಯಾಚ್‌ಗೆ ಬಂದಿದೆ. ಹೆಸರು, ಫೋನ್ ನಂಬರ್, ಯಾವ ಸ್ಪರ್ಧೆ, ಊಟದ ಕೂಪನ್‌ಗೆ ಕಟ್ಟಿದ ದುಡ್ಡು, ಎಲ್ಲ ಒಂದೇ ಡೇಟಾಬೇಸ್‌ನಲ್ಲಿ. ಆ ಡೇಟಾಬೇಸ್ ಹೋದ್ರೆ ಪೇಜ್ ಹೋಗುತ್ತೆ, ಜೊತೆಗೆ "ಪೇಜ್ ಹೋಗಿದೆ" ಅಂತ ಯಾರಿಗೆ ಹೇಳಬೇಕೋ ಅವರ ನಂಬರ್ ಕೂಡ ಹೋಗುತ್ತೆ. ಅಟ್ಲಾಸಿಯನ್‌ನದು 775 ಕಂಪನಿ, ನಮ್ಮದು ಜಾನಪದ ನೃತ್ಯದ ನಾಲ್ಕು ತಂಡ ಮತ್ತು ಒಂದಷ್ಟು ಕವಿಗಳು. ರಚನೆ ಮಾತ್ರ ಅದೇ.

ಹಾಗಾಗಿ ವಿನ್ಯಾಸದಲ್ಲಿ ಮೂರು ವಿಷಯ ಸೇರಿಸಿದ್ವಿ. ಪ್ರತಿ ರಾತ್ರಿ ಹೆಸರು ಮತ್ತು ನಂಬರ್‌ನ ಒಂದು ಪ್ರತಿ ಬೇರೆ ಜಾಗಕ್ಕೆ ಹೋಗುತ್ತೆ, ಅದನ್ನ ನೋಡೋಕೆ ಇಬ್ಬರಿಗೆ ಮಾತ್ರ ಅನುಮತಿ. ಅಳಿಸೋ ಬಟನ್ ಒತ್ತಿದ್ರೆ ಮೊದಲು ಗುರುತು ಮಾತ್ರ ಬೀಳುತ್ತೆ, ನಿಜವಾಗಿ ಅಳಿಸೋದು ಹಬ್ಬ ಮುಗಿದ ಮೇಲೆ. ಮತ್ತೆ ಅಳಿಸೋ ಫಂಕ್ಷನ್‌ಗಳು ಎರಡು, ಹೆಸರೂ ಬೇರೆ ಬೇರೆ, ಒಂದರ ಐಡಿ ಇನ್ನೊಂದರ ಹೊಟ್ಟೆಗೆ ಇಳಿಯಲ್ಲ:

```
cancel_entry(entry_id)
delete_event(event_id, typed_name)
```

ಎರಡನೇದಕ್ಕೆ ಸ್ಪರ್ಧೆಯ ಹೆಸರನ್ನ ಕೈಯಾರೆ ಟೈಪ್ ಮಾಡ್ಬೇಕು. "ಡೊಳ್ಳು ಕುಣಿತ" ಅಂತ ಅಕ್ಷರ ಅಕ್ಷರ ಟೈಪ್ ಮಾಡುವಾಗಲಾದ್ರೂ ಕೈ ನಿಲ್ಲುತ್ತೆ ಅಂತ.

ಪೇಜ್ ಇನ್ನೂ ಶುರುವಾಗಿಲ್ಲ. ಆದ್ರೆ ಅದು ಕೆಟ್ಟರೆ ಕಳಿಸೋ ಪತ್ರ ಈಗಲೇ ಬರೆದಿಟ್ಟಿದ್ದೇವೆ. ಸಮಯ ಮತ್ತು ಕಾರಣಕ್ಕೆ ಖಾಲಿ ಜಾಗ ಬಿಟ್ಟಿದ್ದೇವೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ ಅಂತ ಬರೆಯೋಕೂ ಒಂದು ಜಾಗ ಇದೆ. "ಸ್ಥಗಿತಗೊಂಡಿದೆ", "ವಿಷಾದಿಸುತ್ತೇವೆ" ಎರಡನ್ನೂ ಹೊಡೆದು ಹಾಕಿದ್ವಿ. "ತಪ್ಪಾಯ್ತು" ಅಂತ ಬರೆಯೋಣ ಅಂದ್ರು ಒಬ್ಬರು. ಕೇಳೋಕೆ ಆತ್ಮೀಯವಾಗಿದೆ, ಆದ್ರೆ ಅದ್ರಲ್ಲೂ ತಪ್ಪು ತಾನಾಗೇ ಆಗುತ್ತೆ, ಮಳೆ ಆದ ಹಾಗೆ. ಅರ್ಧ ಗಂಟೆ ಜಗಳ ಆಡಿ ಕೊನೆಗೆ ಉಳಿಸಿಕೊಂಡ ಸಾಲು ಇದು: "ನಿಮ್ಮ ನೋಂದಣಿಯನ್ನು ನಾವು ಅಳಿಸಿದ್ದೇವೆ. ಕ್ಷಮಿಸಿ. ದುಡ್ಡು ಕಟ್ಟಿದ ದಾಖಲೆ ನಮ್ಮ ಬಳಿ ಇದೆ, ನೀವು ಮತ್ತೆ ಕಟ್ಟಬೇಕಾಗಿಲ್ಲ."